12 ಸೆಕೆಂಡಿಗೆ 78 ಅಕ್ಷರ ಹಿಡಿಸುವುದಿಲ್ಲ

ಪ್ರಶ್ನೆ: ನಮ್ಮ ಕಂಪನಿಯ ಸುರಕ್ಷತಾ ತರಬೇತಿ ವಿಡಿಯೊ ಇಂಗ್ಲಿಷಿನಲ್ಲಿದೆ. ಪವರ್ ಪ್ರೆಸ್ ರಿಪೇರಿಗೆ ಮೊದಲು ಲಾಕ್ ಹಾಕಿ ಟ್ಯಾಗ್ ಕಟ್ಟುವುದು ಹೇಗೆ ಅನ್ನುವ 6 ನಿಮಿಷದ ವಿಡಿಯೊ. ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿದೆ. 12 ಸೆಕೆಂಡಿನ ಒಂದು ದೃಶ್ಯಕ್ಕೆ ನಾನು ಬರೆದದ್ದು ಇದು: "ಯಾವುದೇ ನಿರ್ವಹಣಾ ಚಟುವಟಿಕೆಯನ್ನು ಕೈಗೊಳ್ಳುವ ಮೊದಲು, ಉಪಕರಣವನ್ನು ಎಲ್ಲಾ ಶಕ್ತಿ ಮೂಲಗಳಿಂದ ಪ್ರತ್ಯೇಕಿಸಲಾಗಿದೆ ಹಾಗೂ ಉಳಿಕೆ ಶಕ್ತಿಯನ್ನು ಸುರಕ್ಷಿತವಾಗಿ ಹೊರಹಾಕಲಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ." ಓದಿದರೆ ಸಮಯ ಮೀರುತ್ತದೆ. ಬೇಗ ಓದಿದರೆ ಏನೂ ತಿಳಿಯುವುದಿಲ್ಲ. ಶಾಪ್ ಫ್ಲೋರಿನವರು ಕೇಳಿ "ವಾರ್ತೆ ಓದಿದ ಹಾಗಿದೆ" ಅಂದರು. ಚಿತ್ರ ಬದಲಾಯಿಸುವ ಅವಕಾಶ ತುಂಬಾ ಕಡಿಮೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ವಾಕ್ಯವನ್ನೇ ಎಣಿಸೋಣ. ಪದ ಎಣಿಸಬೇಡಿ. ಅದರಲ್ಲಿರುವುದು 17 ಪದ, ಇಂಗ್ಲಿಷಿಗಿಂತ ಕಡಿಮೆಯೇ ಇರಬಹುದು. ಅದನ್ನು ನೋಡಿ "ಹಿಡಿಸುತ್ತದೆ ಬಿಡು" ಅಂದುಕೊಳ್ಳುವವರು ಬಹಳ ಜನ. ಕನ್ನಡದಲ್ಲಿ ವಿಭಕ್ತಿ, ಕಾಲ, ಗೌರವ ಎಲ್ಲವೂ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ, ಹಾಗಾಗಿ ಪದ ಕಡಿಮೆ ಇದ್ದರೂ ಉದ್ದ ಜಾಸ್ತಿ. ಎಣಿಸಬೇಕಾದದ್ದು ಅಕ್ಷರ. ಅದೂ ಬರೆದ ಅಕ್ಷರ ಅಲ್ಲ, ಬಾಯಿ ಎಷ್ಟು ಸಲ ತೆರೆಯುತ್ತದೆ ಎನ್ನುವುದು. 'ಶಕ್ತಿ' ಎರಡು, 'ಖಚಿತಪಡಿಸಿಕೊಳ್ಳಿ' ಎಂಟು. ಒತ್ತಕ್ಷರಕ್ಕೆ ಬೇರೆ ಲೆಕ್ಕ ಇಲ್ಲ. 'ಆಫ್' ಬರೆಯಲು ಎರಡು, ಬಾಯಲ್ಲಿ ಒಂದೇ.

ಹಾಗೆ ಎಣಿಸಿದರೆ ನಿಮ್ಮ ವಾಕ್ಯ 78 ಅಕ್ಷರ ಆಗುತ್ತದೆ. ಮೆಷಿನ್ ಪಕ್ಕದಲ್ಲಿ ಮಾಡಬೇಕಾದ ಕೆಲಸವನ್ನು ಹೇಳುವಾಗ ನಾನು ಸೆಕೆಂಡಿಗೆ 5 ಅಕ್ಷರ ಮೀರುವುದಿಲ್ಲ. ಇದು ಯಾರೋ ಮಾಡಿದ ನಿಯಮ ಅಲ್ಲ, ಎಷ್ಟೋ ಸಲ ಓದಿಸಿ, ಕೇಳಿಸಿ ನಾನು ಇಟ್ಟುಕೊಂಡ ಅಳತೆ. ಆ ಅಳತೆಯಲ್ಲಿ ನಿಮ್ಮ ವಾಕ್ಯಕ್ಕೆ ಉಸಿರೂ ಬಿಡದೆ ಸುಮಾರು 16 ಸೆಕೆಂಡ್ ಬೇಕು. 12ರೊಳಗೆ ತುರುಕಬೇಕೆಂದರೆ ಸೆಕೆಂಡಿಗೆ ಆರೂವರೆ ಅಕ್ಷರ ಓದಬೇಕು, ನಡುವೆ ಎಲ್ಲೂ ನಿಲ್ಲದೆ. ವಾರ್ತೆಯ ಹಾಗೆ ಕೇಳಿಸಿದ್ದು ಸಹಜ.

ಆದರೆ ಉದ್ದ ಇಲ್ಲಿ ಬರೀ ಲಕ್ಷಣ, ರೋಗ ಬೇರೆ. ನಿಮ್ಮ ವಾಕ್ಯದಲ್ಲಿ ಕೈಗೆ ಕೆಲಸವೇ ಇಲ್ಲ. 'ಪ್ರತ್ಯೇಕಿಸಲಾಗಿದೆ' ಅಂದರೆ ಯಾರು ಮಾಡಿದರು? 'ಖಚಿತಪಡಿಸಿಕೊಳ್ಳಿ' ಅಂದರೆ ಏನನ್ನು ನೋಡಿ? ಇಂಗ್ಲಿಷ್ ಬರಹದಲ್ಲಿ ಇಂಥ ವಾಕ್ಯ ಇರುತ್ತದೆ, ಏಕೆಂದರೆ ಅದು ಎಲ್ಲ ಬಗೆಯ ಮೆಷಿನ್‌ಗಳಿಗೂ ಹೊಂದಬೇಕು, ಆಡಿಟ್‌ನವರಿಗೂ ಒಪ್ಪಿಗೆ ಆಗಬೇಕು. ನಿಮ್ಮ ಮುಂದೆ ಇರುವುದು ಒಂದೇ ಬಗೆಯ ಮೆಷಿನ್. ಆದ್ದರಿಂದ ಪ್ರತಿ ವಾಕ್ಯಕ್ಕೂ ಮೊದಲು ಎರಡೇ ಪ್ರಶ್ನೆ ಕೇಳಿ. ಇಲ್ಲಿ ಕೈ ಏನು ಮಾಡಬೇಕು? ಕಣ್ಣು ಏನು ನೋಡಬೇಕು? ಉತ್ತರವನ್ನು ಮಾತ್ರ ಬರೆಯಿರಿ. ಸಮಯ ತಾನಾಗಿಯೇ ಉಳಿಯುತ್ತದೆ.

ಈ ದೃಶ್ಯದಲ್ಲಿ ಕೈಗೆ ಮೂರು ಕೆಲಸ ಇದೆ: ಕರೆಂಟ್ ತೆಗೆಯುವುದು, ಏರ್ ಲೈನ್ ಮುಚ್ಚುವುದು, ಒಳಗೆ ಉಳಿದ ಗಾಳಿ ಬಿಡುವುದು. ಕಣ್ಣಿಗೆ ಒಂದು ಕೆಲಸ: ಗೇಜ್‌ನ ಮುಳ್ಳು. ಹೀಗೆ ಬರೆಯಬಹುದು:

"ಮೆಷಿನ್‌ಗೆ ಕೈ ಹಾಕೋ ಮೊದ್ಲು ಕರೆಂಟ್ ಆಫ್ ಮಾಡಿ. ಏರ್ ವಾಲ್ವ್ ಮುಚ್ಚಿ. ಒಳಗೆ ಉಳಿದಿರೋ ಗಾಳಿ ಬಿಡಿ. ಗೇಜ್ ನೋಡಿ. ಮುಳ್ಳು ಸೊನ್ನೆಗೆ ಬಂದಿರಬೇಕು."

41 ಅಕ್ಷರ. ಆದರೆ ಇದನ್ನು ಹೀಗೇ ರೆಕಾರ್ಡ್ ಮಾಡಬೇಡಿ. ಇಂಥದೇ ಒಂದು ಕೆಲಸದಲ್ಲಿ ನಾನು 'ಕರೆಂಟ್ ಆಫ್ ಮಾಡಿ' ಎಂದೇ ಬರೆದಿದ್ದೆ, ಚೆನ್ನಾಗಿದೆ ಅಂತ ಖುಷಿಯಲ್ಲೂ ಇದ್ದೆ. ಮೆಂಟೆನೆನ್ಸ್‌ನ ಒಬ್ಬ ಹಿರಿಯರು ಓದಿ ನಕ್ಕರು. "ಸಾರ್, ಹೀಗಂದ್ರೆ ನಮ್ಮ ಹುಡುಗ್ರು ಸ್ಟಾಪ್ ಬಟನ್ ಒತ್ತಿ ಸುಮ್ನಾಗ್ತಾರೆ" ಅಂದರು. ಅವರ ಮಾತು ನಿಜ. ಸ್ಟಾಪ್ ಬಟನ್ ಒತ್ತಿದರೆ ಮೋಟರ್ ನಿಲ್ಲುತ್ತದೆ, ಅಷ್ಟೆ. ಪ್ಯಾನೆಲ್ ಒಳಗೆ ಕರೆಂಟ್ ಇದ್ದೇ ಇರುತ್ತದೆ, ಬೇರೆ ಯಾರಾದರೂ ಸ್ಟಾರ್ಟ್ ಒತ್ತಿದರೆ ಮೆಷಿನ್ ಓಡುತ್ತದೆ. ಲಾಕ್ ಹಾಕುವ ಜಾಗವೂ ಬಟನ್ ಅಲ್ಲ, ಮೇನ್ ಸ್ವಿಚ್. ಆಡುಮಾತಿಗೆ ಇಳಿಸುವಾಗ ಹೀಗೆ ಜಾರುವುದು ಸುಲಭ: ಮಾತು ಹಗುರಾದಾಗ ಅರ್ಥವೂ ಸಡಿಲ ಆಗಿಬಿಡುತ್ತದೆ. ತಿದ್ದಿದ ಮೊದಲ ಸಾಲು ಇದು:

"ಮೆಷಿನ್‌ಗೆ ಕೈ ಹಾಕೋ ಮೊದ್ಲು ಪ್ಯಾನೆಲ್‌ನ ಮೇನ್ ಸ್ವಿಚ್ ಆಫ್ ಮಾಡಿ."

ಮೂರು ಅಕ್ಷರ ಹೆಚ್ಚಾಯಿತು, ಒಟ್ಟು 44. ಓದಲು ಸುಮಾರು 9 ಸೆಕೆಂಡ್. ಐದು ವಾಕ್ಯಗಳ ನಡುವೆ ನಾಲ್ಕು ಬಿಡುವು, ಒಂದೊಂದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಅಂದರೂ ಸುಮಾರು ಎರಡೂವರೆ ಸೆಕೆಂಡ್. ಹನ್ನೊಂದು ಚಿಲ್ಲರೆಗೆ ಮುಗಿಯಿತು. ಆ ಬಿಡುವನ್ನು ಯಾರಿಗೂ ಬಿಟ್ಟುಕೊಡಬೇಡಿ. ಸಮಯ ಸಾಲದಿದ್ದರೆ ಸ್ಟುಡಿಯೊದಲ್ಲಿ ಮೊದಲು ಕತ್ತರಿಸುವುದು ಅದನ್ನೇ. ಕೇಳುವವನು ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ದಾಟುವುದು ಆ ಬಿಡುವಿನಲ್ಲಿ.

ಈಗ ಕನ್ನಡದ ವಾಕ್ಯ ಕಟ್ಟುವ ಬಗೆಯಿಂದಲೇ ಬರುವ ಒಂದು ತೊಂದರೆಗೆ ಬರೋಣ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, 'ಬೇಡ' ಅನ್ನುವುದು ಅದಕ್ಕೂ ಕೊನೆಗೆ. ಇಂಗ್ಲಿಷಿನಲ್ಲಿ ಎಚ್ಚರಿಕೆಯ ಮಾತು ಮೊದಲೇ ಬಂದುಬಿಡುತ್ತದೆ: ಗಾರ್ಡ್ ತೆಗೆಯಬೇಡ ಅಂದು, ಆಮೇಲೆ ಕರೆಂಟ್ ಹೋದ ಮೇಲೂ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ನಿಲ್ಲುವ ವಿಷಯ ಹೇಳುತ್ತದೆ. ಚಿತ್ರವೂ ಅದೇ ಸಾಲಿನಲ್ಲಿ ಇರುತ್ತದೆ, ಮೊದಲು ಗಾರ್ಡ್, ನಂತರ ಫ್ಲೈವೀಲ್. ನಾವು "ಫ್ಲೈವೀಲ್ ಪೂರ್ತಿ ನಿಲ್ಲೋ ತನಕ ಗಾರ್ಡ್ ತೆಗೀಬೇಡಿ" ಅಂತ ಬರೆದರೆ ಎರಡು ಎಡವಟ್ಟು. ಗಾರ್ಡ್ ಕಾಣುವಾಗ ಕಿವಿಗೆ ಫ್ಲೈವೀಲ್ ಬೀಳುತ್ತದೆ, ಫ್ಲೈವೀಲ್ ಕಾಣುವಾಗ ಗಾರ್ಡ್. ಕಣ್ಣು ಒಂದು ಕಡೆ, ಕಿವಿ ಒಂದು ಕಡೆ.

ಎರಡನೆಯದು ಇನ್ನೂ ಕೆಟ್ಟದ್ದು. ಮಾತಾಡುವವರು ವಾಕ್ಯದ ಕೊನೆಯಲ್ಲಿ ದನಿ ಇಳಿಸುತ್ತಾರೆ. ಹಿಂದೆ ಸಂಗೀತ ಇರುತ್ತದೆ, ಆಚೆ ಪ್ರೆಸ್ ಹೊಡೆಯುವ ಸದ್ದು. ನುಂಗಿಹೋಗುವುದು ಕೊನೆಯ ಎರಡು ಮೂರು ಅಕ್ಷರ. "ಗಾರ್ಡ್ ತೆಗೀಬೇಡಿ" ಎನ್ನುವುದರಲ್ಲಿ ಬಾಲ ಹೋದರೆ ಉಳಿಯುವುದು "ಗಾರ್ಡ್ ತೆಗೀ". ಅರ್ಥ ಪೂರ್ತಿ ಉಲ್ಟಾ! ಪರೀಕ್ಷೆಗೆಂದು ಕೇಳಿಸಿದಾಗ ಒಬ್ಬರು ಹೀಗೆ ಕೇಳಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಅಂದಿನಿಂದ ಜೀವಕ್ಕೆ ಸಂಬಂಧಿಸಿದ ಸಾಲುಗಳನ್ನು, ಬಾಲ ಕತ್ತರಿಸಿದರೂ ಅರ್ಥ ತಿರುಗದಂತೆ ಕಟ್ಟುತ್ತೇನೆ:

"ಇದು ಗಾರ್ಡ್. ಇದನ್ನ ತೆಗೆಯೋ ಮೊದ್ಲು ಕಾಯಿರಿ. ಫ್ಲೈವೀಲ್ ಇನ್ನೂ ತಿರುಗ್ತಾ ಇದೆ. ಪೂರ್ತಿ ನಿಂತ ಮೇಲೇನೇ ಗಾರ್ಡ್ ತೆಗೀರಿ."

ಇಲ್ಲಿ 'ಬೇಡ' ಇಲ್ಲವೇ ಇಲ್ಲ. ಕೊನೆಯ ಸಾಲಿನ ಬಾಲ ಹೋದರೂ "ಪೂರ್ತಿ ನಿಂತ ಮೇಲೇನೇ" ಎನ್ನುವ ಶರತ್ತು ಅಷ್ಟರಲ್ಲಿ ಕಿವಿಗೆ ಬಿದ್ದಿರುತ್ತದೆ. ಚಿತ್ರದ ಸಾಲೂ ಹೊಂದುತ್ತದೆ. ಅಕ್ಷರ ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ. ಅದಕ್ಕೆ ಬೇಕಾದ ಸಮಯವನ್ನು ವಿಡಿಯೊ ಶುರುವಿನ "ನಮ್ಮ ಸಂಸ್ಥೆಯು ಸುರಕ್ಷತೆಗೆ ಅತ್ಯುನ್ನತ ಆದ್ಯತೆ ನೀಡುತ್ತದೆ" ಎಂಬಂಥ ಕಡೆಯಿಂದ ತರಲು ಆಗುವುದಿಲ್ಲ, ಏಕೆಂದರೆ ಅದು ಬೇರೆ ದೃಶ್ಯ. ಅದೇ ದೃಶ್ಯದೊಳಗೇ ಹುಡುಕಬೇಕು. ಸಾಮಾನ್ಯವಾಗಿ ಸಿಗುತ್ತದೆ: ಚಿತ್ರದಲ್ಲಿ ಕಾಣುವುದನ್ನೇ ಮಾತು ಮತ್ತೆ ಹೇಳುತ್ತಿರುತ್ತದೆ. ಕೈಯಲ್ಲಿ ಕೆಂಪು ಲಾಕ್ ಹಿಡಿದು ತೋರಿಸುತ್ತಿರುವಾಗ "ಕೆಂಪು ಬಣ್ಣದ ಲಾಕ್ ತೆಗೆದುಕೊಳ್ಳಿ" ಎನ್ನಬೇಕಿಲ್ಲ, "ಈ ಲಾಕ್" ಸಾಕು.

ಹುಡುಕಿದರೂ ಸಿಗದಿದ್ದರೆ ಎಡಿಟರ್ ಬಳಿ ಒಂದೇ ಒಂದು ಸಹಾಯ ಕೇಳಿ. ಚಲನೆ ಇಲ್ಲದ ಚಿತ್ರ ಇರುವ ಕಡೆ, ಅಂದರೆ ಗೇಜ್ ಅಥವಾ ಬೋರ್ಡ್ ತೋರಿಸುವ ಕಡೆ, ಕೊನೆಯ ಫ್ರೇಮನ್ನು ಒಂದೆರಡು ಸೆಕೆಂಡ್ ಹಿಡಿದಿಡಲು ಹೇಳಿ. ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಮನುಷ್ಯ ಓಡಾಡುತ್ತಿರುವ ದೃಶ್ಯದಲ್ಲಿ ಹೀಗೆ ಮಾಡಲು ಬರುವುದಿಲ್ಲ. ಧ್ವನಿಯನ್ನೇ ಸಾಫ್ಟ್‌ವೇರಿನಲ್ಲಿ ಓಡಿಸುವುದು ಮಾತ್ರ ಬೇಡ. ನೂರಕ್ಕೆ ಐದು ಭಾಗ ವೇಗ ಹೆಚ್ಚಿಸಿದರೆ ಅಷ್ಟಾಗಿ ತಿಳಿಯುವುದಿಲ್ಲ. ಅದರ ಮೇಲೆ ಹೋದರೆ ಒತ್ತಕ್ಷರಗಳು ಕಲಸಿಹೋಗುತ್ತವೆ, 'ಮುಚ್ಚಿ', 'ಬಿಚ್ಚಿ' ಎರಡೂ ಒಂದೇ ಥರ ಕೇಳಿಸತೊಡಗುತ್ತವೆ.

ಕೆಲವು ಕಡೆ ಮಾತೇ ಬೇಡ. ಗಾಳಿ ಬಿಟ್ಟಾಗ ಸುಯ್ ಎನ್ನುವ ಸದ್ದು, ಮುಳ್ಳು ನಿಧಾನ ಇಳಿಯುವುದು, ಲಾಕ್ ಕ್ಲಿಕ್ ಅನ್ನುವುದು. ಇವುಗಳ ಮೇಲೆ ಮಾತು ಹಾಕಬೇಡಿ. ನಾಳೆ ಅವನು ಮೆಷಿನ್ ಬಳಿ ಕೇಳಿಸಿಕೊಳ್ಳಬೇಕಾದ ಸದ್ದು ಅದು. ನಾನು ಕೆಲಸ ಶುರುಮಾಡುವ ಮೊದಲು ವಿಡಿಯೊವನ್ನು ಒಮ್ಮೆ ಮಾತಿಲ್ಲದೆ ನೋಡಿ, ಇಂಥ ಕ್ಷಣಗಳ ಸಮಯ ಬರೆದುಕೊಳ್ಳುತ್ತೇನೆ. ಅವು ಕದಲುವುದಿಲ್ಲ. ಉಳಿದ ಮಾತು ಅವುಗಳ ನಡುವೆ ಎಲ್ಲಿ ಬೇಕಾದರೂ ಕೂರಬಹುದು, ಅರ್ಧ ಸೆಕೆಂಡ್ ಆಚೆ ಈಚೆ ಆದರೆ ಪರವಾಗಿಲ್ಲ.

ದನಿಯ ವಿಷಯಕ್ಕೆ ಬಂದರೆ, ಎರಡು ತಪ್ಪುಗಳು ಎದುರುಬದುರು ನಿಂತಿವೆ. ಒಂದು ಕಚೇರಿ ನೋಟಿಸ್: "ಉಲ್ಲಂಘಿಸಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಇನ್ನೊಂದು ಅದನ್ನು ಕಂಡು ಹೆದರಿ ಮಾಡುವುದು: "ಬನ್ನಿ ಗೆಳೆಯರೇ, ಇವತ್ತು ಮಜವಾಗಿ ಲಾಕ್ ಹಾಕೋದು ಕಲಿಯೋಣ!" ಇಪ್ಪತ್ತು ವರ್ಷ ಪ್ರೆಸ್ ಓಡಿಸಿದವರಿಗೆ ಮಕ್ಕಳ ಕಾರ್ಯಕ್ರಮ ತೋರಿಸಿದ ಹಾಗೆ ಆಗುತ್ತದೆ. ನನಗೆ ಎರಡನೆಯದೇ ಹೆಚ್ಚು ಅವಮಾನ ಅನ್ನಿಸುತ್ತದೆ. ನಡುವಿನ ದನಿ ಯಾವುದು ಗೊತ್ತೇ? ಒಳ್ಳೆಯ ಲೈನ್ ಸೂಪರ್‌ವೈಸರ್ ಹೊಸಬರಿಗೆ ಮೆಷಿನ್ ಪಕ್ಕ ನಿಂತು ಹೇಳಿಕೊಡುವುದು. ಅವರು 'ನೀವು' ಅನ್ನುತ್ತಾರೆ, 'ಮಾಡಿ, ನೋಡಿ, ಮುಚ್ಚಿ' ಅನ್ನುತ್ತಾರೆ, ಕಾರಣ ಒಂದೇ ಸಾಲಿನಲ್ಲಿ ಹೇಳುತ್ತಾರೆ. ಸಾಧ್ಯ ಇದ್ದರೆ ಅಂಥವರೊಬ್ಬರು ವಿವರಿಸುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ. ಅವರ ಒಪ್ಪಿಗೆ ಕೇಳಿ ಮಾಡಿ. ನಿಮ್ಮ ಅರ್ಧ ಸ್ಕ್ರಿಪ್ಟ್ ಅದರಲ್ಲೇ ಇರುತ್ತದೆ.

'ಬೇಕು' ಮತ್ತು 'ಒಳ್ಳೇದು' ನಡುವಿನ ಗೆರೆಯನ್ನು ಮಾತ್ರ ಅಳಿಸಬೇಡಿ. ಮೂಲದಲ್ಲಿ ಕಡ್ಡಾಯ ಎಂದಿರುವುದು ಕನ್ನಡದಲ್ಲೂ 'ಮಾಡ್ಲೇಬೇಕು' ಆಗಬೇಕು. ಸ್ನೇಹದ ದನಿ ತರಲು ಹೋಗಿ "ಲಾಕ್ ಹಾಕಿದ್ರೆ ಒಳ್ಳೇದು ಅಲ್ವಾ" ಅಂದರೆ ನಿಯಮ ಸಲಹೆಯಾಗಿಬಿಡುತ್ತದೆ.

ಆಡುಮಾತು ಅಂದರೆ ಯಾವ ಊರಿನ ಆಡುಮಾತು ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಮೈಸೂರು ಕಡೆಯವರು, ಧಾರವಾಡ ಕಡೆಯವರು, ಕರಾವಳಿಯವರು ಒಂದೇ ಲೈನಿನಲ್ಲಿ ನಿಂತಿರುತ್ತಾರೆ. ಕನ್ನಡ ಮನೆಮಾತಲ್ಲದವರೂ ಇರುತ್ತಾರೆ, ಅವರು ಕನ್ನಡವನ್ನು ಕಿವಿಯಿಂದ ಕಲಿತವರು. ಒಂದು ಕಡೆಯ ಮಾತನ್ನು ಪೂರ್ತಿ ಹಿಡಿದರೆ ಉಳಿದವರಿಗೆ ಅದು ನಾಟಕದ ಸಂಭಾಷಣೆ ಆಗುತ್ತದೆ. 'ಮಾಡಿ, ನೋಡಿ, ಮುಚ್ಚಿ, ಬಿಡಿ' ಎಲ್ಲರಿಗೂ ಹೊಂದುತ್ತವೆ. 'ಮಾಡುತ್ತಿರುವಾಗ' ಬದಲು 'ಮಾಡೋವಾಗ', 'ಮೊದಲು' ಬದಲು 'ಮೊದ್ಲು', ಇಷ್ಟು ಸಡಿಲ ಸಾಕು. 'ಹಂಗ', 'ಮಾಡ್ಬುಟ್ಟು' ಇಂಥವಕ್ಕೆ ಹೋಗಬೇಡಿ.

ಸ್ಕ್ರಿಪ್ಟಿನಲ್ಲಿ ಇದನ್ನು ಬರೆಯುವ ಬಗೆಯೂ ಮುಖ್ಯ. 'ತಿರುಗುತ್ತಿದೆ' ಎಂದು ಬರೆದು "ಆಡುಮಾತಿನಲ್ಲಿ ಓದಿ" ಎಂದರೆ ಧ್ವನಿ ಕಲಾವಿದರು ಅರ್ಧ ಹಾಗೆ ಅರ್ಧ ಹೀಗೆ ಓದುತ್ತಾರೆ. ಬಾಯಲ್ಲಿ ಹೇಗೆ ಬರಬೇಕೋ ಹಾಗೇ 'ತಿರುಗ್ತಾ ಇದೆ' ಎಂದು ಬರೆಯಿರಿ. ಅಂಕಿಗಳನ್ನೂ ಅಕ್ಷರದಲ್ಲೇ ಬರೆಯಿರಿ. '6 ಬಾರ್' ಎಂದರೆ ಒಬ್ಬರು 'ಆರು ಬಾರ್' ಅನ್ನುತ್ತಾರೆ, ಇನ್ನೊಬ್ಬರು 'ಸಿಕ್ಸ್ ಬಾರ್'. ಯಾವುದು ಸರಿ ಎನ್ನುವುದಕ್ಕೆ ನಿಘಂಟು ಬೇಡ, ಫ್ಲೋರಿನಲ್ಲಿ ಹೋಗಿ ಕೇಳಿ.

ಮೆಷಿನ್ ಭಾಗಗಳ ಹೆಸರಿಗೂ ಅದೇ ಮಾತು. ಬಟನ್ ಮೇಲೆ ಇಂಗ್ಲಿಷಿನಲ್ಲಿ ಎಮರ್ಜೆನ್ಸಿ ಸ್ಟಾಪ್ ಎಂದು ಕೊರೆದಿರುವಾಗ 'ತುರ್ತು ನಿಲುಗಡೆ ಗುಂಡಿ' ಅಂದರೆ ಅವನು ಯಾವುದನ್ನು ಹುಡುಕಬೇಕು? ಕಣ್ಣಿಗೆ ಕಾಣುವ ಹೆಸರೇ ಕಿವಿಗೂ ಬೀಳಲಿ. ನನ್ನ ರೂಢಿ ಹೀಗಿದೆ: ವಿಡಿಯೊದಲ್ಲಿ ಬರುವ ವಸ್ತುಗಳ ಚಿತ್ರ ಮಾತ್ರ ತೋರಿಸಿ ಮೂರ್ನಾಲ್ಕು ಜನರನ್ನು ಬೇರೆ ಬೇರೆಯಾಗಿ "ಇದಕ್ಕೆ ಏನಂತೀರಿ" ಎಂದು ಕೇಳುತ್ತೇನೆ. ಹೆಚ್ಚಿನವು ಒಂದೇ ಬರುತ್ತವೆ. 'ಹಾಸ್ಪ್' ಥರದ ಒಂದೆರಡು ವಸ್ತುಗಳಿಗೆ ಯಾರ ಬಳಿಯೂ ಹೆಸರಿರುವುದಿಲ್ಲ. ನಾಲ್ಕೈದು ಜನ ತಮ್ಮ ತಮ್ಮ ಲಾಕ್ ಒಂದೇ ಸ್ವಿಚ್‌ಗೆ ಹಾಕಲು ಬಳಸುವ ಆ ತೂತುಗಳ ಕೊಂಡಿಗೆ ಮೊದಲ ಸಲ "ಇದು ಹಾಸ್ಪ್, ಇದರ ಒಂದೊಂದು ತೂತಿಗೆ ಒಬ್ಬೊಬ್ಬರ ಲಾಕ್" ಎಂದು ಪರಿಚಯ ಮಾಡಿಸಿ ಮುಂದೆ ಹೋಗಬೇಕು.

ನಿಮ್ಮ ವಿಡಿಯೊದಲ್ಲಿ ಇನ್ನೊಂದು ಕಡೆ ವಿಶೇಷ ಎಚ್ಚರ ಬೇಕು: ಲಾಕ್ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ಪರೀಕ್ಷಿಸುವ ಹೆಜ್ಜೆ. ಮೂಲದಲ್ಲಿ ಅದು 'ಶೂನ್ಯ ಶಕ್ತಿ ಸ್ಥಿತಿಯ ಪರಿಶೀಲನೆ' ಎಂಬಂಥ ಹೆಸರಿನಲ್ಲಿ ಇರುತ್ತದೆ. ಆಡುಮಾತಿನಲ್ಲಿ "ಸ್ಟಾರ್ಟ್ ಒತ್ತಿ ನೋಡಿ" ಎಂದು ಬರೀ ಇಷ್ಟೇ ಬಿಟ್ಟರೆ, ಅರ್ಧ ಕೇಳಿಸಿಕೊಂಡವರಿಗೆ ಅದು ಮೆಷಿನ್ ಓಡಿಸುವ ಆಜ್ಞೆ. ಆದ್ದರಿಂದ ಮೊದಲು ಕಾರಣ, ಆಮೇಲೆ ಕೆಲಸ:

"ಕರೆಂಟ್ ನಿಜವಾಗ್ಲೂ ಹೋಗಿದ್ಯಾ? ಪರೀಕ್ಷೆ ಮಾಡಿ. ಎಲ್ಲರೂ ಮೆಷಿನ್‌ನಿಂದ ದೂರ ನಿಲ್ಲಿ. ಈಗ ಸ್ಟಾರ್ಟ್ ಒತ್ತಿ. ಮೆಷಿನ್ ಅಲ್ಲಾಡಿದ್ರೆ ಲಾಕ್ ತಪ್ಪು ಸ್ವಿಚ್‌ಗೆ ಬಿದ್ದಿದೆ ಅಂತ ಅರ್ಥ."

ಪ್ರಶ್ನೆಯಿಂದ ಶುರುಮಾಡಿದ್ದಕ್ಕೆ ಕಾರಣ ಇದೆ. 'ಹೋಗಿದ್ಯಾ' ಎನ್ನುವಾಗ ದನಿ ಏರುತ್ತದೆ, ಅರೆನಿದ್ದೆಯಲ್ಲಿ ಕೂತವರೂ ತಲೆ ಎತ್ತುತ್ತಾರೆ. ಆದರೆ ಇಡೀ ವಿಡಿಯೊಗೆ ಇಂಥ ಪ್ರಶ್ನೆ ಒಂದೋ ಎರಡೋ ಸಾಕು. ಪದೇ ಪದೇ ಬಂದರೆ ಜಾಹೀರಾತು ಅನ್ನಿಸುತ್ತದೆ. ಪ್ರೆಸ್‌ನಲ್ಲಿ ಏರಿಳಿದು ಹೊಡೆಯುವ ಭಾಗ, ಅಂದರೆ ಸ್ಲೈಡ್, ಮೇಲ್ಗಡೆಯೇ ನಿಂತುಬಿಟ್ಟಿದ್ದರೆ ಅದು ಕರೆಂಟ್, ಗಾಳಿ ಎರಡೂ ಇಲ್ಲದೆ ತನ್ನ ಭಾರಕ್ಕೇ ಇಳಿಯಬಹುದು, ಅದಕ್ಕೆ ಬ್ಲಾಕ್ ಇಡುವ ಹೆಜ್ಜೆ ನಿಮ್ಮ ಮೂಲದಲ್ಲಿ ಇದೆಯೇ ಎಂದು ಸುರಕ್ಷತಾ ಅಧಿಕಾರಿಗಳನ್ನು ಕೇಳಿ. ಇಲ್ಲದಿದ್ದರೆ ನೀವಾಗಿ ಸೇರಿಸಬೇಡಿ, ಅವರಿಂದ ಬರೆಸಿಕೊಳ್ಳಿ.

ಆ ಅಧಿಕಾರಿಗಳಿಂದ ಸ್ಕ್ರಿಪ್ಟಿಗೆ ಒಪ್ಪಿಗೆ ಪಡೆಯುವಾಗ ಜಗಳ ಬರುವುದು ಇಲ್ಲೇ. "ನಮ್ಮ ವಾಕ್ಯದಲ್ಲಿ 'ಎಲ್ಲ ಶಕ್ತಿ ಮೂಲ' ಇತ್ತು, ನಿಮ್ಮದರಲ್ಲಿ ಎಲ್ಲಿ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಕೋಷ್ಟಕದಲ್ಲೇ ಇಟ್ಟಿರಿ: ಸಮಯ, ಚಿತ್ರ, ಮೂಲ ವಾಕ್ಯ, ಕನ್ನಡ, ಅಕ್ಷರ ಸಂಖ್ಯೆ, ಕೊನೆಗೆ 'ಈ ಮಾತು ಕೇಳಿ ಅವನು ಮಾಡುವುದು' ಎಂಬ ಒಂದು ಅಂಕಣ. 'ಎಲ್ಲ ಶಕ್ತಿ ಮೂಲ' ಎಂದರೆ ಈ ಮೆಷಿನ್‌ಗೆ ಕರೆಂಟ್ ಮತ್ತು ಗಾಳಿ, ಎರಡೂ ಬಂದಿವೆ ಎಂದು ಬೆರಳಿಟ್ಟು ತೋರಿಸಬಹುದು. ನಿಮ್ಮಲ್ಲಿ ಹೈಡ್ರಾಲಿಕ್ ಪ್ರೆಸ್ ಕೂಡ ಇದ್ದರೆ ನನ್ನ ಸಾಲು ಅಲ್ಲಿಗೆ ಸಾಲದು, ಆಯಿಲ್ ಪ್ರೆಶರ್ ಇಳಿಸುವ ಸಾಲು ಬೇರೆ ಬೇಕು. ಒಂದೇ ಮೆಷಿನ್‌ಗೆ ಹೊಲಿದ ಮಾತಿಗೆ ಇರುವ ಮಿತಿ ಇದು.

ರೆಕಾರ್ಡ್ ಮಾಡುವ ಮೊದಲು ನಿಮ್ಮದೇ ದನಿಯಲ್ಲಿ ಫೋನಿನಲ್ಲಿ ಓದಿ, ವಿಡಿಯೊ ಮೇಲೆ ಕೂರಿಸಿ, ಅದು ಮುಂದೆ ಎಲ್ಲಿ ಓಡುತ್ತದೋ ಅಲ್ಲೇ ಹಾಕಿ ನೋಡಿ. ಶಿಫ್ಟ್ ಬದಲಾಗುವಾಗ ಕ್ಯಾಂಟೀನ್ ಟಿವಿಯಲ್ಲಿ ಓಡುವುದಾದರೆ ಆ ಹೊತ್ತಿಗೇ, ಆ ಟಿವಿಯಲ್ಲೇ. ಇಬ್ಬರು ಮೂವರನ್ನು ಕೂರಿಸಿ. ಮುಗಿದ ಮೇಲೆ "ಅರ್ಥ ಆಯ್ತಾ" ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ನಿಂತಿರುವ ಮೆಷಿನ್ ಬಳಿ ಕರೆದುಕೊಂಡು ಹೋಗಿ, ಮೆಂಟೆನೆನ್ಸ್‌ನವರೊಬ್ಬರು ಜೊತೆಗಿರಲಿ, "ಏನೇನು ಮಾಡ್ತೀರಿ, ಬೆರಳಲ್ಲಿ ತೋರಿಸಿ" ಅನ್ನಿ. ಬೆರಳು ಸ್ಟಾಪ್ ಬಟನ್ ಕಡೆ ಹೋದರೆ ಮೊದಲ ಸಾಲು ಇನ್ನೂ ಸರಿಯಾಗಿಲ್ಲ. ಗೇಜ್ ಬಿಟ್ಟು ಮುಂದೆ ಹೋದರೆ ಅಲ್ಲಿನ ಬಿಡುವು ಸಾಲದು. ಎಲ್ಲರೂ ಒಂದೇ ಕಡೆ ತಡವರಿಸಿದರೆ ಅಲ್ಲೊಂದು ಪದ ಬದಲಾಗಬೇಕು.

ಕೊನೆಗೆ ಸ್ಟುಡಿಯೊದಲ್ಲಿ ಒಂದು ಸಣ್ಣ ಕೆಲಸ. ಇಡೀ ಓದು ಮುಗಿದ ಮೇಲೆ ಧ್ವನಿ ಕಲಾವಿದರಿಂದ ಮೆಷಿನ್ ಭಾಗಗಳ ಹೆಸರಿರುವ ಸಾಲುಗಳನ್ನು ಬಿಡಿಬಿಡಿಯಾಗಿ, ಬದಲಿ ಪದ ಇಟ್ಟು ಇನ್ನೊಮ್ಮೆ ಓದಿಸಿಕೊಳ್ಳಿ: 'ಮೇನ್ ಸ್ವಿಚ್' ಒಂದು ಸಲ, 'ಐಸೊಲೇಟರ್' ಒಂದು ಸಲ. ಬೇರೆ ಶೆಡ್‌ನವರು "ನಾವು ಹಾಗನ್ನಲ್ಲ" ಎಂದು ಬಂದಾಗ ಆ ಒಂದು ಸಾಲು ಕತ್ತರಿಸಿ ಅಂಟಿಸಿದರೆ ಸಾಕು, ಕಲಾವಿದರನ್ನು ಮತ್ತೆ ಕರೆಸಬೇಕಾಗುವುದಿಲ್ಲ.